ಕೆಲಸ ಕೈತಪ್ಪಿದ ಮೇಲೆ ರಿಕ್ರೂಟರ್‌ಗೆ ಏನು ಬರೆಯಬೇಕು?

“ಅಕ್ಕಾ, ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಜರ್ಮನಿಯ ಒಂದು ಕಂಪನಿಯಲ್ಲಿ ಕೊನೇ ಸುತ್ತಿನವರೆಗೆ ಹೋದೆ, ಆಗಲಿಲ್ಲ. ಅಲ್ಲಿನ ರಿಕ್ರೂಟರ್ ಮೇಡಂ ತುಂಬಾ ಸಹಾಯ ಮಾಡಿದ್ದರು. ಮಳೆಗೆ ಕರೆಂಟ್ ಹೋದಾಗ ಇಂಟರ್‌ವ್ಯೂ ಬೇರೆ ದಿನಕ್ಕೆ ಹಾಕಿಸಿದರು. ಅವರಿಗೆ ಏನಾದರೂ ಬರೆಯಬೇಕಾ?”

ಬರಿ ತಮ್ಮಾ, ನಾಳೆಯೊಳಗೇ ಬರಿ. ಆದರೆ ಮೊದಲು ಆ ‘ಇಲ್ಲ’ ಎಂಬ ಮೇಲ್ ಎಲ್ಲಿಂದ ಬಂದಿದೆ ನೋಡು. ವಿಳಾಸದಲ್ಲಿ no-reply ಅಂತ ಇದ್ದರೆ ಅದು ಸಾಫ್ಟ್‌ವೇರ್ ಕಳಿಸಿದ್ದು. ಅದಕ್ಕೆ ಉತ್ತರ ಹಾಕಿದರೆ ಯಾರೂ ಓದುವುದಿಲ್ಲ. ಇಂಟರ್‌ವ್ಯೂ ದಿನ ಬದಲಿಸುವಾಗ ಮೇಡಂ ಬರೆದ ಮೇಲ್ ಇರುತ್ತದಲ್ವಾ, ಅದಕ್ಕೇ ಉತ್ತರಿಸು. ನಿನ್ನ ಹೆಸರು, ಕೆಲಸದ ಹೆಸರು ಎಲ್ಲ ಅಲ್ಲೇ ಇರುವುದರಿಂದ ಮುಂದೆ ಹುಡುಕುವುದೂ ಸುಲಭ.

ಇಂಗ್ಲಿಷಿನಲ್ಲಿ ಇಷ್ಟೇ ಸಾಕು: “ಕರೆಂಟ್ ಹೋದ ದಿನ ನನಗಾಗಿ ಎಲ್ಲರ ಸಮಯ ಹೊಂದಿಸಿದಿರಿ, ಅದಕ್ಕೆ ಥ್ಯಾಂಕ್ಸ್. ಇಂಥದ್ದೇ ಕೆಲಸ ಮತ್ತೆ ಬಂದರೆ ನನಗೆ ಆಸಕ್ತಿ ಇದೆ. ನನ್ನ ಅರ್ಜಿಯನ್ನು ನಿಮ್ಮ ಟ್ಯಾಲೆಂಟ್ ಪೂಲ್‌ನಲ್ಲಿ ಇಟ್ಟುಕೊಳ್ಳಲು ನನ್ನ ಒಪ್ಪಿಗೆ ಇದೆ.”

ಆ ಕೊನೇ ಸಾಲನ್ನು ಬಿಡಬೇಡ. ಟ್ಯಾಲೆಂಟ್ ಪೂಲ್ ಅಂದರೆ ಮುಂದಿನ ಕೆಲಸಗಳಿಗೆಂದು ಕಂಪನಿ ಇಟ್ಟುಕೊಳ್ಳುವ ಹೆಸರುಗಳ ಪಟ್ಟಿ. ಇಲ್ಲಿ ಜರ್ಮನಿಯಲ್ಲಿ ಡೇಟಾ ಕಾನೂನು ಬಿಗಿ. ಆಯ್ಕೆಯಾಗದವರ ಅರ್ಜಿಗಳನ್ನು ಸಾಮಾನ್ಯವಾಗಿ ಸುಮಾರು 6 ತಿಂಗಳಲ್ಲಿ ಅಳಿಸಿಬಿಡುತ್ತಾರೆ. ಅದಕ್ಕಿಂತ ಜಾಸ್ತಿ ದಿನ ಇಟ್ಟುಕೊಳ್ಳಲು ನಿನ್ನ ಒಪ್ಪಿಗೆ ಬೇಕು. ಸುಮ್ನೆ ಥ್ಯಾಂಕ್ಸ್ ಹೇಳಿದರೆ ಮೇಡಂಗೆ ನಿನ್ನ ನೆನಪು ಇರಬಹುದು, ಫೈಲ್ ಇರುವುದಿಲ್ಲ. ಒಪ್ಪಿಗೆಗೆ ಬೇರೆ ಲಿಂಕ್ ಕಳಿಸಿದರೆ ಅವತ್ತೇ ತುಂಬಿಬಿಡು.

‘ಯಾಕೆ ಬೇಡ ಅಂದಿರಿ’ ಎಂದು ಮೇಲ್‌ನಲ್ಲಿ ಕೇಳಬೇಡ. ಇಲ್ಲಿ ತಾರತಮ್ಯ ತಡೆಯುವ ಕಾನೂನಿದೆ, ಎಜಿಜಿ ಅಂತಾರೆ. ಬರೆದುಕೊಟ್ಟ ಕಾರಣವೇ ನಾಳೆ ಕೇಸಿಗೆ ದಾರಿಯಾದೀತು ಎಂದು ಎಚ್‌ಆರ್‌ನವರು ಹೆದರುತ್ತಾರೆ. ಅವರಾಗಿಯೇ ಫೋನಿನಲ್ಲಿ ಹೇಳಿದರೆ ಕೇಳಿಸಿಕೋ, ವಾದಕ್ಕೆ ಇಳಿಯಬೇಡ. ಹೇಗೂ ನಿನ್ನನ್ನು ಬೇಡ ಅಂದವರು ಬಹುಶಃ ಟೀಮಿನ ಮ್ಯಾನೇಜರ್, ಮೇಡಂ ಅಲ್ಲ.

ಮನೆಯ ಕಾಫಿಪುಡಿ, ಜೇನು ಕಳಿಸೋಣ ಅನ್ನಿಸಬಹುದು. ನಮ್ಮ ಕಡೆಯ ಬುದ್ಧಿಯೇ ಹಾಗೆ! ಬೇಡ. ಅರ್ಜಿ ಹಾಕಿದವರಿಂದ ಉಡುಗೊರೆ ತಗೊಂಡರೆ ಮೇಡಂ ಕೆಲಸಕ್ಕೇ ತೊಂದರೆ ಆಗಬಹುದು.

ಇನ್ನೊಂದು ವಿಷಯ. ಇಲ್ಲಿ ಹೊಸಬರಿಗೆ ಸಾಮಾನ್ಯವಾಗಿ 6 ತಿಂಗಳವರೆಗೆ ಪ್ರೊಬೇಷನ್ ಇರುತ್ತದೆ. ಆಗ ಯಾವ ಕಡೆಯವರಾದರೂ 2 ವಾರದ ನೋಟಿಸ್ ಕೊಟ್ಟು ಮುಗಿಸಬಹುದು. ನಿನ್ನ ಬದಲು ಸೇರಿದವನು ಬಿಟ್ಟುಹೋದರೆ ಮೇಡಂ ಮತ್ತೆ ಮೊದಲಿನಿಂದ ಹುಡುಕುವ ಮುಂಚೆ ಕೊನೇ ಸುತ್ತಿನವರನ್ನು ನೆನೆಸಿಕೊಳ್ಳುತ್ತಾರೆ. ಹಾಗಾಗಿ ಮೂರ್ನಾಲ್ಕು ತಿಂಗಳ ಮೇಲೆ ಅದೇ ಮೇಲ್‌ಗೆ ಒಂದು ಸಲ ಬರಿ. ಹೇಳಲು ಏನಾದರೂ ಇರಬೇಕು, ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆ ಪಾಸಾಯಿತು ಅನ್ನುವಂಥದ್ದು. ತಿಂಗಳಿಗೊಮ್ಮೆ ‘ಏನಾದರೂ ಇದೆಯಾ’ ಎಂದು ಕೇಳುವವರ ಮೇಲ್ ತೆರೆಯುವುದನ್ನೇ ಬಿಡುತ್ತಾರೆ. ಹೊಸ ಕೆಲಸ ಕಣ್ಣಿಗೆ ಬಿದ್ದರೆ ಮೊದಲು ವೆಬ್‌ಸೈಟಿನಲ್ಲಿ ಅರ್ಜಿ ಹಾಕು, ಆಮೇಲೆ ಮೇಡಂಗೆ ಎರಡು ಸಾಲು ತಿಳಿಸು.