‘ಬೇಜಾರಾಗಿದ್ರೆ ಸಾರಿ’ ಅಂದರೆ ಸಾಕೇ?

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರದ ಹಳ್ಳಿ ನಮ್ಮದು. ಅಣ್ಣ, ನಾನು ಸೇರಿ ರೇಷ್ಮೆ ಹುಳ ಸಾಕುತ್ತೇವೆ. ಹೋದ ತಿಂಗಳು ಗೂಡಿನ ಮಾರುಕಟ್ಟೆಯಲ್ಲಿ ಎಲ್ಲರೆದುರು ‘ಲೆಕ್ಕ ಕೊಡದೆ ದುಡ್ಡು ತಿಂತಿದ್ದೀಯ’ ಅಂದುಬಿಟ್ಟೆ. ದೊಡ್ಡ ಜಗಳವಾಯಿತು. ಆಮೇಲೆ ‘ಬೇಜಾರಾಗಿದ್ರೆ ಸಾರಿ ಅಣ್ಣ’ ಅಂತ ವಾಟ್ಸಾಪ್ ಮಾಡಿದೆ, ಅತ್ತಿಗೆ ಕೈಲೂ ಹೇಳಿಸಿದೆ. ಅಣ್ಣ ಮುಖ ಕೊಟ್ಟು ಮಾತಾಡುತ್ತಿಲ್ಲ. ಇನ್ನೇನು ಮಾಡಲಿ?

ಉತ್ತರ: ಆ ಮೆಸೇಜನ್ನು ಅಣ್ಣನ ಜಾಗದಲ್ಲಿ ಕೂತು ಒಮ್ಮೆ ಓದಿ. ಅವರಿಗೆ ಬೇಜಾರಾಗಿದೆಯೋ ಇಲ್ಲವೋ ಅನ್ನುವುದೇ ನಿಮಗಿನ್ನೂ ಅನುಮಾನ ಇದ್ದಂತಿದೆ. ನೀವು ಮಾಡಿದ್ದೇನು ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ.

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಜೊತೆಗಾರರು 2016ರಲ್ಲಿ ಕ್ಷಮೆ ಕೇಳುವ ಮಾತಿನ ಆರು ಭಾಗಗಳನ್ನು ಹೋಲಿಸಿ ನೋಡಿದ್ದರು. ಜನರಿಗೆ ಹೆಚ್ಚು ನಾಟಿದ್ದು ‘ತಪ್ಪು ನನ್ನದೇ’ ಅಂತ ಒಪ್ಪಿಕೊಳ್ಳುವುದು. ಅದರ ನಂತರ, ಆಗಿದ್ದನ್ನು ಸರಿಮಾಡುತ್ತೇನೆ ಅನ್ನುವುದು. ‘ಕ್ಷಮಿಸಿಬಿಡು’ ಅಂತ ಬೇಡಿಕೊಳ್ಳುವುದು ಕೊನೆಯ ಸ್ಥಾನದಲ್ಲಿತ್ತು. ನಾವು ಮೊದಲು ಹಿಡಿದುಕೊಳ್ಳುವುದೇ ಅದನ್ನು, ಅಲ್ವಾ?

ಅತ್ತಿಗೆಯನ್ನು ಮಧ್ಯೆ ತರಬೇಡಿ. ಪಾಪ, ಅವರು ಎರಡೂ ಕಡೆ ಮಾತು ಕೇಳಬೇಕಾಗುತ್ತದೆ. ನೀವೇ ಹೋಗಿ. ಹುಳ ಹಣ್ಣಾಗಿ, ಗೂಡು ಕಟ್ಟಲಿ ಅಂತ ಚಂದ್ರಿಕೆಗೆ ಬಿಡುವ ಗಡಿಬಿಡಿಯ ದಿನ ಬೇಡ, ಅಣ್ಣ ಬಿಡುವಾಗಿರುವಾಗ ಹೋಗಿ. ಹೀಗೆ ಹೇಳಿ: ‘ಅಣ್ಣ, ಅವತ್ತು ರೀಲರ್‌ಗಳ ಮುಂದೆ ನಿನ್ನನ್ನ ಕಳ್ಳ ಅನ್ನೋ ಥರ ಮಾತಾಡಿದೆ. ಕೇಳೋದಿದ್ರೆ ಮನೇಲಿ ಕೇಳಬೇಕಿತ್ತು. ತಪ್ಪು ನಂದು.’ ಅಲ್ಲಿಗೆ ನಿಲ್ಲಿಸಿ. ‘ಆದ್ರೆ ನೀನೂ ಲೆಕ್ಕ ತೋರಿಸಿರಲಿಲ್ಲ’ ಅಂತ ಒಂದು ಮಾತು ಸೇರಿಸಿದರೂ ಅದು ಮತ್ತೆ ಜಗಳವೇ.

ಆಮೇಲೆ ಅವರು ಬೈಯಬಹುದು. ಹಳೆಯದನ್ನೆಲ್ಲ ತೆಗೆಯಬಹುದು. ಬೈಯಲಿ, ಕೇಳಿಸಿಕೊಳ್ಳಿ. ನಿಮ್ಮ ಮಾತು ತಾಗಿದೆ ಅನ್ನುವುದಕ್ಕೆ ಅದೇ ಒಳ್ಳೆಯ ಗುರುತು. ತಕ್ಷಣ ‘ಆಯ್ತು ಬಿಡು’ ಅಂದು ಎದ್ದು ಹೋದರೆ ಒಳಗೆ ಇನ್ನೂ ಉರಿಯುತ್ತಿದೆ ಅಂತಲೇ ತಿಳಿಯಿರಿ. ‘ಕ್ಷಮಿಸಿದೆಯಾ?’ ಅಂತ ಒತ್ತಾಯ ಮಾಡಬೇಡಿ. ಅದು ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಅವರ ಮೇಲೆ ಇನ್ನೊಂದು ಭಾರ ಹಾಕಿದ ಹಾಗೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಮಾನ ಹೋಗಿದ್ದು ಮಾರುಕಟ್ಟೆಯಲ್ಲಿ, ಮನೆಯೊಳಗಿನ ಸಾರಿಯಿಂದ ಅದು ವಾಪಸ್ ಬರುವುದಿಲ್ಲ. ‘ಅವತ್ತು ಕೇಳಿದವರ ಮುಂದೆ ನಾನೇ ಹೇಳ್ತೀನಿ, ನಿಂಗೆ ಸರೀನಾ?’ ಅಂತ ಅಣ್ಣನನ್ನೇ ಕೇಳಿ. ಕೆಲವರಿಗೆ ಆ ವಿಷಯ ಮತ್ತೆ ಎತ್ತುವುದೇ ಹಿಂಸೆ. ಬೇಡ ಅಂದರೆ ಬಿಡಿ. ಸರಿ ಅಂದರೆ, ಮುಂದಿನ ಸಲ ಗೂಡು ತಗೊಂಡು ಹೋದಾಗ ಆ ನಾಲ್ಕು ಜನರ ಹತ್ತಿರ ‘ಅವತ್ತು ಅಣ್ಣನಿಗೆ ನಾನು ಹಾಗೆ ಅನ್ನಬಾರದಿತ್ತು’ ಅನ್ನಿ. ಭಾಷಣ ಬೇಡ.

ಇನ್ನು ಲೆಕ್ಕದ ಪ್ರಶ್ನೆ. ಅದು ನಿಜವಾದ ಪ್ರಶ್ನೆಯೇ, ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಕೆಲವು ವಾರ ಬಿಟ್ಟು, ಮಾತು ಸರಿಹೋದ ಮೇಲೆ ಎತ್ತಿ. ಮೊಟ್ಟೆ, ಸೊಪ್ಪು, ಕೂಲಿಯ ಖರ್ಚು ಮತ್ತು ಗೂಡು ಮಾರಿದ ದುಡ್ಡು, ಎರಡನ್ನೂ ಇಬ್ಬರೂ ಕೂತು ಒಂದೇ ಪುಸ್ತಕದಲ್ಲಿ ಬರೆಯೋಣ ಅನ್ನಿ. ಹಿಂದಿನ ಬೆಳೆಗಳನ್ನು ಕೆದಕದೆ, ಮುಂದಿನ ಬೆಳೆಯಿಂದ ಶುರುಮಾಡಿ.