ಎಲೆಕೋಸು ಕಾಯುತ್ತದೆ, ಸೊಪ್ಪು ಕಾಯುವುದಿಲ್ಲ

ಪ್ರಶ್ನೆ: ಭಾನುವಾರ ಮಲ್ಲೇಶ್ವರ ಮಾರ್ಕೆಟ್‌ಗೆ ಹೋಗಿ ವಾರಕ್ಕಾಗುವಷ್ಟು ತರಕಾರಿ ತರುತ್ತೇವೆ. ಫ್ರಿಜ್‌ನಲ್ಲಿರುವ ಹಳೇದನ್ನೇ ಮೊದಲು ಖರ್ಚು ಮಾಡುತ್ತೇವೆ. ಆದರೂ ಗುರುವಾರದ ಹೊತ್ತಿಗೆ ಸೊಪ್ಪೆಲ್ಲ ಕಸದ ಡಬ್ಬಿಗೆ. ಏನು ಮಾಡೋದು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ತಂದ ದಿನ ನೋಡಿ ಅಡುಗೆ ಮಾಡುತ್ತಿದ್ದೀರಿ, ತೊಂದರೆ ಅಲ್ಲೇ ಇದೆ. ಹೋದ ವಾರದ ಎಲೆಕೋಸು ಇನ್ನೂ ಒಂದು ವಾರ ಆರಾಮಾಗಿ ಇರುತ್ತದೆ, ನಿನ್ನೆ ತಂದ ಮೆಂತ್ಯ ಸೊಪ್ಪು ಎರಡು ಮೂರು ದಿನದಲ್ಲೇ ಹಳದಿ ತಿರುಗುತ್ತದೆ. ಎರಡು ಕಟ್ಟು ಸೊಪ್ಪಿದ್ದರೆ ಹಳೇ ಕಟ್ಟು ಮೊದಲು, ಸರಿ. ಆದರೆ ಸೊಪ್ಪಿಗೂ ಎಲೆಕೋಸಿಗೂ ಆ ಲೆಕ್ಕ ನಡೆಯಲ್ಲ, ಯಾವುದು ಬೇಗ ಕೆಡುತ್ತದೋ ಅದೇ ಮೊದಲು ಒಲೆ ಮೇಲೆ ಹೋಗಬೇಕು.

ಶನಿವಾರ ರಾತ್ರಿ ಫ್ರಿಜ್ ತೆಗೆದು, ಹಿಂದೆ ಅವಿತುಕೊಂಡಿರುವ ಕವರ್‌ಗಳನ್ನೂ ಬಿಚ್ಚಿ ನೋಡಿ, ಇರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಬೇಗ ಕೆಡುವುದು ಮೇಲೆ, ತಡೆಯುವುದು ಕೆಳಗೆ. ಒಂದು ಮನೆಯ ಚೀಟಿ ಹೀಗಿದೆ ಅಂದುಕೊಳ್ಳಿ: ಅರ್ಧ ಕಟ್ಟು ದಂಟಿನ ಸೊಪ್ಪು, ಒಂದು ಬಟ್ಟಲು ತೆಂಗಿನ ತುರಿ, ಕಾಲು ಕೆಜಿ ಹುರುಳಿಕಾಯಿ, ಅರ್ಧ ಎಲೆಕೋಸು, ಮೂರು ಕ್ಯಾರೆಟ್. ಭಾನುವಾರ ಬೆಳಿಗ್ಗೆಯೇ ಸೊಪ್ಪು, ತುರಿ ಎರಡೂ ಸೇರಿ ಹುಳಿ ಆಯಿತು. ಸೋಮವಾರ ಹುರುಳಿಕಾಯಿ ಪಲ್ಯ. ಎಲೆಕೋಸು ಬುಧವಾರಕ್ಕೆ, ಕ್ಯಾರೆಟ್ ಕೋಸಂಬರಿ ಗುರುವಾರಕ್ಕೆ. ಖಾಲಿ ಉಳಿದದ್ದು ಮಂಗಳವಾರ, ಶುಕ್ರವಾರ, ಶನಿವಾರ. ಮಾರ್ಕೆಟ್‌ನಲ್ಲಿ ಕೊಳ್ಳಬೇಕಾದ್ದು ಆ ಮೂರು ದಿನಕ್ಕೆ ಮಾತ್ರ: ಮಂಗಳವಾರಕ್ಕೆ ಒಂದೇ ಕಟ್ಟು ಸೊಪ್ಪು, ವಾರದ ಕೊನೆಗೆ ಸಿಹಿಗುಂಬಳ, ಮೂಲಂಗಿ. ಗುರುವಾರ ಸೊಪ್ಪು ತಿನ್ನಬೇಕು ಅನ್ನಿಸಿದರೆ ಬೀದಿಗೆ ಬರುವ ಗಾಡಿಯಲ್ಲಿ ಅವತ್ತೇ ತಗೊಳ್ಳಿ. ಮೂರು ಕಟ್ಟು ತಗೊಂಡರೆ ಹತ್ತು ರೂಪಾಯಿ ಕಮ್ಮಿ ಅಂತ ಅಂಗಡಿಯವರು ಅಂದರೂ ಕಿವಿಗೆ ಹಾಕಿಕೊಳ್ಳಬೇಡಿ. (ಅವರೆಕಾಯಿ ಕಾಲದಲ್ಲಿ ಮಾತ್ರ ಈ ಮಾತು ಯಾರೂ ಕೇಳಲ್ಲ, ನಾನೂ ಕೇಳಲ್ಲ. ಆದರೆ ತಂದ ದಿನವೇ ಸುಲಿದು ಕಾಳನ್ನು ಫ್ರೀಜರ್‌ಗೆ ಹಾಕಿಬಿಡಿ.)

ಇನ್ನೊಂದು ವಿಷಯ, ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಕವರ್‌ನಲ್ಲಿ ಕಟ್ಟಿಟ್ಟರೆ ಎಂಥ ಚೀಟಿಯೂ ಕಾಪಾಡಲ್ಲ. ಬೇರು ಕತ್ತರಿಸಿ, ಕೊಳೆತ ಎಲೆ ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿಡಿ. ತೊಳೆಯುವುದು ಅಡುಗೆಗೆ ಮುಂಚೆ. ಹಣ್ಣಾದ ಟೊಮೆಟೊ, ಸೇಬು ಪಕ್ಕದಲ್ಲಿ ಇಡಬೇಡಿ, ಅವು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಬಾಡಿದ್ದೆಲ್ಲ ಕೆಟ್ಟದ್ದಲ್ಲ. ಜೋತುಬಿದ್ದ ಕ್ಯಾರೆಟ್ ತಣ್ಣೀರಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಎಲೆಕೋಸಿನ ಮೇಲಿನ ಒಣಗಿದ ಎಲೆ ಕಿತ್ತರೆ ಸಾಕು. ಆದರೆ ಸೊಪ್ಪು ಕೈಗೆ ಲೋಳೆ ಲೋಳೆಯಾಗಿ ಹತ್ತಿದರೆ, ತೆಂಗಿನ ತುರಿಗೆ ಬೂಷ್ಟು ಬಂದಿದ್ದರೆ ಅಥವಾ ಜಿಡ್ಡು ವಾಸನೆ ಬಂದರೆ ಹಳೇದು ಮೊದಲು ಅನ್ನೋ ನಿಯಮ ಪಕ್ಕಕ್ಕಿಟ್ಟು ಹಸಿ ಕಸಕ್ಕೆ ಹಾಕಿ, ಚೀಟಿಯಲ್ಲಿ ಅದರ ಪಕ್ಕ ಒಂದು ಗುರುತು ಮಾಡಿ. ಎರಡು ವಾರ ಒಂದೇ ಪದಾರ್ಥಕ್ಕೆ ಗುರುತು ಬಿದ್ದರೆ ಮುಂದಿನ ಸಲ ಅದನ್ನು ಅರ್ಧ ಮಾತ್ರ ತನ್ನಿ.