ಆಫೀಸಿನ ನೆಟ್‌ವರ್ಕ್ ಸ್ತಬ್ಧವಾದಾಗ ಮೊದಲು ಸ್ವಿಚ್ಚಿನ ದೀಪಗಳನ್ನು ನೋಡಿ

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಇಂಟರ್ನೆಟ್ ಪೂರ್ತಿ ನಿಂತುಬಿಡುತ್ತಿದೆ. ಕೇಬಲುಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನು ಆಫ್ ಮಾಡಿ ಆನ್ ಮಾಡಿದರೆ ಕ್ಷಣಮಾತ್ರ ಬಂದು ಮತ್ತೆ ಹೋಗುತ್ತದೆ. ರೂಟರ್ ಬದಲಿಸಬೇಕೇ, ಸ್ವಿಚ್ ಬದಲಿಸಬೇಕೇ?

ಎರಡನ್ನೂ ಬದಲಿಸಬೇಡಿ. ಪುಣೆಯ ಹಡಪ್ಸರದಲ್ಲಿ ವಿಜಯಪುರದ ಕಡೆಯವರೊಬ್ಬರು ನಡೆಸುವ ಸಾರಿಗೆ ಕಚೇರಿಯ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತಿದ್ದಾಗ ಇದೇ ಲಕ್ಷಣ ಕಂಡಿತ್ತು. ಇಂಟರ್ನೆಟ್ ಲೈನ್ ಕೆಟ್ಟಿದೆಯೆಂದು ದೂರು ಕೊಟ್ಟು ಅರ್ಧ ದಿನ ಕಾದೆ. ಅದೇ ಕೋಣೆಯ ಪ್ರಿಂಟರಿಗಾದರೂ ಬಿಲ್ ಹೋಗುತ್ತಿದೆಯೇ ಎಂದು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಅದೂ ಹೋಗುತ್ತಿಲ್ಲವೆಂದು ತಿಳಿಯುತ್ತಿತ್ತು. ಪ್ರಿಂಟರಿಗೆ ಹೋಗುವ ದಾರಿಯಲ್ಲಿ ಇಂಟರ್ನೆಟ್ ಬರುವುದೇ ಇಲ್ಲವಾದ್ದರಿಂದ, ದೋಷ ಕಚೇರಿಯ ಒಳಗೇ ಇದೆಯೆಂದು ಆಗಲೇ ಖಚಿತವಾಗುತ್ತಿತ್ತು.

ಮೇಜು ಸರಿಸಿದವರು, ಕೆಳಗೆ ಬಿದ್ದಿದ್ದ ಕೇಬಲಿನ ತುದಿಯನ್ನು ಅಚ್ಚುಕಟ್ಟಿಗೆಂದು ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚಿದ್ದರು. ಅದರ ಇನ್ನೊಂದು ತುದಿ ಅದೇ ಸ್ವಿಚ್ಚಿನಲ್ಲಿತ್ತು. ‘ಈ ವಿಳಾಸ ಯಾರದು?’ ಎಂದು ಒಂದು ಕಂಪ್ಯೂಟರ್ ಎಲ್ಲರಿಗೂ ಕೂಗಿ ಕೇಳುವ ಎಆರ್‌ಪಿ ಸಂದೇಶವನ್ನು ಸ್ವಿಚ್ಚು, ಅದು ಬಂದ ಪೋರ್ಟ್ ಬಿಟ್ಟು, ಉಳಿದೆಲ್ಲ ಪೋರ್ಟುಗಳಿಗೂ ಕಳಿಸುತ್ತದೆ. ಆ ಕೇಬಲಿನ ಒಂದು ತುದಿಯಿಂದ ಹೊರಟದ್ದು ಇನ್ನೊಂದು ತುದಿಯಿಂದ ಹೊಸ ಸಂದೇಶದಂತೆ ಒಳಬರುತ್ತದೆ, ಮತ್ತೆ ಎಲ್ಲೆಡೆ ಹರಡುತ್ತದೆ. ಐಪಿ ಪ್ಯಾಕೆಟ್ಟಿಗಿರುವಂತೆ ಆಯುಷ್ಯದ ಎಣಿಕೆ ಈ ಸಂದೇಶವನ್ನು ಹೊತ್ತ ಈಥರ್ನೆಟ್ ಫ್ರೇಮಿಗೆ ಇಲ್ಲವಾದ್ದರಿಂದ ಈ ಸುತ್ತಾಟ ತಾನಾಗಿ ನಿಲ್ಲುವುದಿಲ್ಲ. ಸ್ವಿಚ್ಚನ್ನು ಆರಿಸಿದಾಗ ಸುತ್ತುತ್ತಿದ್ದವೆಲ್ಲ ಅಳಿಯುತ್ತವೆ. ಹೊತ್ತಿಸಿದ ಮೇಲೆ ಇಂಥ ಮೊದಲ ಸಂದೇಶ ಬರುವವರೆಗೆ ಮಾತ್ರ ಎಲ್ಲವೂ ಸರಿ. ನಿಮಗೆ ಕಾಣುವ ‘ಕ್ಷಣಮಾತ್ರ’ ಅದೇ.

ದೀಪಗಳನ್ನು ನೋಡಿ. ಸಾಮಾನ್ಯ ದಿನ ಅವು ಒಂದೊಂದು ಒಂದೊಂದು ಲಯದಲ್ಲಿ ಮಿನುಗುತ್ತವೆ. ಹೀಗೆ ಕೇಬಲ್ ಸುತ್ತಿ ಅದೇ ಸ್ವಿಚ್ಚಿಗೆ ಮರಳುವ ಲೂಪ್ ಇದ್ದಾಗ, ಯಾರೂ ಮುಟ್ಟದ ಕಂಪ್ಯೂಟರಿನ ದೀಪವೂ ಸೇರಿ, ಎಲ್ಲವೂ ಒಂದೇ ವೇಗದಲ್ಲಿ ಬಿಡುವಿಲ್ಲದೆ ಹೊಡೆದುಕೊಳ್ಳುತ್ತವೆ. ಮೊದಲು ರೂಟರಿನ ಕೇಬಲ್ ಕಳಚಿ. ಆಮೇಲೂ ಅಬ್ಬರ ತಗ್ಗದಿದ್ದರೆ ಉಳಿದವನ್ನು ಒಂದೊಂದಾಗಿ, ಪ್ರತಿ ಬಾರಿ ದೀಪ ನೋಡುತ್ತ, ಕಳಚಿ. ತಪ್ಪು ಕೇಬಲಿನ ಯಾವ ತುದಿ ಕೈಗೆ ಬಂದರೂ ಅಬ್ಬರ ತಟ್ಟನೆ ನಿಲ್ಲುತ್ತದೆ. ಆ ಕೇಬಲಿನ ಆಚೆ ಮೇಜಿನಡಿಯ ಇನ್ನೊಂದು ಸಣ್ಣ ಸ್ವಿಚ್ ಇದ್ದರೆ ಲೂಪ್ ಅಲ್ಲಿರಬಹುದು. ಎರಡು ಪೋರ್ಟುಗಳ ಐಪಿ ಫೋನಿನ ಎರಡನ್ನೂ ಗೋಡೆಯ ಸಾಕೆಟ್ಟುಗಳಿಗೆ ಸಿಕ್ಕಿಸಿದರೂ ಹೀಗೇ ಆಗಬಹುದು.

ಹಣ ಖರ್ಚು ಮಾಡಲೇಬೇಕೆಂದಿದ್ದರೆ ಲೂಪನ್ನು ತಾನೇ ಗುರುತಿಸಿ ತಡೆಯುವ ಸ್ಪ್ಯಾನಿಂಗ್ ಟ್ರೀ ಅಥವಾ ಲೂಪ್ ಪತ್ತೆ ಇರುವ ಸ್ವಿಚ್ ಕೊಳ್ಳಿ, ನೆಟ್‌ವರ್ಕಿಗೆ ಜೋಡಿಸುವ ಮೊದಲೇ ಆ ಸೌಲಭ್ಯ ಆನ್ ಆಗಿದೆಯೇ ಎಂದು ಸೆಟ್ಟಿಂಗಿನಲ್ಲಿ ನೋಡಿ. ಕೆಲವು ಮಾದರಿಗಳಲ್ಲಿ ನಾವೇ ಆನ್ ಮಾಡಬೇಕಾಗುತ್ತದೆ.